ಶನಿವಾರದ ಮಳೆ ಯಾವ ದಿನದ್ದು?

(ಶಿರಸಿಯಲ್ಲಿ ಸೊಸೈಟಿ ಸಿಬ್ಬಂದಿ ಮತ್ತು ಊರಿನ ವಾಟ್ಸಾಪ್ ಗುಂಪು ನಡೆಸುವವರ ಮುಂದೆ ಆಡಿದ ಮಾತುಗಳ ಬರಹ ರೂಪ)

ನಮ್ಮ ಸೊಸೈಟಿಯ ಜಗಲಿಯಲ್ಲಿ ಒಂದು ಕರಿಹಲಗೆ ಇದೆ. ಶಾಲೆಯವರು ಬೇಡವೆಂದು ಬಿಟ್ಟದ್ದು. ಮಳೆಗಾಲದಲ್ಲಿ ಅದರ ಮೇಲೆ ನಾನು ವಾರಕ್ಕೆ ಎರಡು ಸಲ ಬರೆಯುತ್ತೇನೆ. ಕೃಷಿ ಹವಾಮಾನ ಬುಲೆಟಿನ್ ಬರುವುದು ಮಂಗಳವಾರ ಮತ್ತು ಶುಕ್ರವಾರ ತಾನೇ, ಹಾಗಾಗಿ ನನ್ನ ಬರವಣಿಗೆಯೂ ಆ ಎರಡು ದಿನವೇ. ಬುಲೆಟಿನ್ ಕೆಲವೊಮ್ಮೆ ಎರಡು ಪುಟ, ಕೆಲವೊಮ್ಮೆ ಐದು ಪುಟ ಇರುತ್ತದೆ. ಹಲಗೆ ಮೇಲೆ ಹಿಡಿಸುವುದು ಏಳೆಂಟು ಸಾಲು. ಹಾಲು ಹಾಕಲು ಬಂದವರು ಬೈಕ್ ಇಳಿಯದೆ ಓದಿಕೊಂಡು ಹೋಗಬೇಕು. ಇದು ನನ್ನ ಅಳತೆ.

ಇವತ್ತು ನಾನು ಹೇಳಬೇಕೆಂದಿರುವುದು ಆ ಐದು ಪುಟ ಏಳು ಸಾಲಾಗುವಾಗ ಏನು ಉಳಿಯಬೇಕು ಎನ್ನುವುದನ್ನು. ಆದರೆ ಮೊದಲು ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ. ಅದನ್ನು ಹೇಳಿಬಿಟ್ಟರೆ ಉಳಿದದ್ದು ತಾನಾಗಿ ಬರುತ್ತದೆ.

ಕೆಲವು ವರ್ಷಗಳ ಹಿಂದಿನ ಮಾತು. ಜುಲೈ ತಿಂಗಳು, ಜಡಿಮಳೆ. ಅಡಿಕೆಗೆ ಎರಡನೇ ಮದ್ದು ಹೊಡೆಯುವ ಸಮಯ. ಎಲ್ಲರೂ ಮಳೆ ಯಾವಾಗ ಹೊಳವಾಗುತ್ತದೆ ಎಂದು ಆಕಾಶ ನೋಡುತ್ತಿದ್ದರು. ಬುಲೆಟಿನ್ ಪಟ್ಟಿಯಲ್ಲಿ ಶನಿವಾರದ ದಿನಾಂಕದ ಕೆಳಗೆ ತೀರಾ ಕಡಿಮೆ ಮಳೆ ಇತ್ತು. ನಾನು ಹಲಗೆ ಮೇಲೆ ದೊಡ್ಡದಾಗಿ ಬರೆದೆ: 'ಶನಿವಾರ ಮಳೆ ಕಡಿಮೆ. ಮದ್ದು ಹೊಡೆಯಬಹುದು.' ಶುಕ್ರವಾರ ಹಗಲು ಬಿಸಿಲು ಬಿತ್ತು. ಜನ ನನ್ನ ಹಲಗೆ ನಂಬಿ ಸುಮ್ನೆ ಕೂತರು. ಶನಿವಾರ ಬೆಳಗ್ಗೆ ಬ್ಯಾರೆಲ್ ತುಂಬಿಸಿ, ಕೊನೆಗೌಡರು ಮರ ಏರಿ, ಅರ್ಧ ತೋಟ ಮುಗಿಯುವಷ್ಟರಲ್ಲಿ ಮಳೆ ಹುಯ್ಯಿತು. ಸಂಜೆ ಒಬ್ಬ ಹಿರಿಯರು ಸೊಸೈಟಿಗೆ ಬಂದು, 'ತಮಾ, ನಿನ್ನ ಹಲಗೆ ಓದಿ ಎರಡು ಬ್ಯಾರೆಲ್ ಮದ್ದು ಹೊಳೆಗೆ ಹೋತು' ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬುಲೆಟಿನ್ ತಪ್ಪಾಗಿರಲಿಲ್ಲ. ನಾನು ಓದಿದ್ದು ತಪ್ಪಾಗಿತ್ತು.

ಹವಾಮಾನ ಇಲಾಖೆಯ ಮಳೆಯ ದಿನ ನಮ್ಮ ಕ್ಯಾಲೆಂಡರಿನ ದಿನ ಅಲ್ಲ. ಮಳೆಮಾಪಕ ನೋಡುವುದು ಬೆಳಗ್ಗೆ 8:30ಕ್ಕೆ. ಹಿಂದಿನ ದಿನ 8:30ರಿಂದ ಇವತ್ತು 8:30ರವರೆಗೆ ಬಿದ್ದದ್ದನ್ನು ಇವತ್ತಿನ ದಿನಾಂಕಕ್ಕೆ ಬರೆಯುತ್ತಾರೆ. ಮುನ್ಸೂಚನೆಯ ಪಟ್ಟಿಯೂ ಇದೇ ಲೆಕ್ಕದಲ್ಲಿ ಬಂದಾಗ ಮೇಲೆ ಎಲ್ಲೋ ಸಣ್ಣ ಅಕ್ಷರದಲ್ಲಿ 'ಬೆಳಗ್ಗೆ 8:30ರವರೆಗೆ' ಎಂದಿರುತ್ತದೆ. ಅಂದರೆ ಶನಿವಾರದ ಕೆಳಗಿನ ಅಂಕಿ ಶುಕ್ರವಾರ ಬೆಳಗ್ಗೆಯಿಂದ ಶನಿವಾರ ಬೆಳಗ್ಗೆವರೆಗಿನದು. ಶನಿವಾರ ಹಗಲಿನ ಮಳೆ ಬೇಕಾದರೆ ಭಾನುವಾರದ ಕೆಳಗೆ ನೋಡಬೇಕು! ನಾನು ನೋಡಿರಲಿಲ್ಲ. ಆ ಸಣ್ಣ ಅಕ್ಷರದ ಸಾಲನ್ನು ಸಾರಾಂಶಕ್ಕೆ ಬೇಡದ್ದೆಂದು ಮೊದಲೇ ಬಿಟ್ಟಿದ್ದೆ.

ಎಲ್ಲ ಪಟ್ಟಿಗಳೂ ಹೀಗೇ ಇರುತ್ತವೆ ಅಂದುಕೊಳ್ಳಬೇಡಿ. ಕೆಲವು ಕಡೆ 'ದಿನ 1, ದಿನ 2' ಎಂದು ಹೊರಡಿಸಿದ ದಿನದಿಂದ ಮುಂದಕ್ಕೆ ಎಣಿಸುತ್ತಾರೆ. ಮೊಬೈಲಿನ ಬೇರೆ ಆ್ಯಪ್‌ಗಳು ನಡುರಾತ್ರಿಯಿಂದ ನಡುರಾತ್ರಿಗೆ ಲೆಕ್ಕ ಹಾಕುತ್ತವೆ. ಅದಕ್ಕೆ ಪೆನ್ನು ಹಿಡಿಯುವ ಮೊದಲು ಪಟ್ಟಿಯ ತಲೆಬರಹ ಓದಿ. ಮಳೆ ಎಷ್ಟು ಅನ್ನುವುದಕ್ಕಿಂತ ಮೊದಲು, ಅದು ಎಲ್ಲಿಂದ ಎಲ್ಲಿಯವರೆಗಿನ ಮಳೆ ಅನ್ನುವುದು ಗೊತ್ತಾಗಬೇಕು.

ಈಗ ಒಂದು ಬುಲೆಟಿನ್ ಇಟ್ಟುಕೊಂಡು ಪೂರ್ತಿ ಕೆಲಸ ಮಾಡೋಣ. ಅಂಕಿಗಳು ನಾನೇ ಇವತ್ತಿಗೆಂದು ಮಾಡಿಕೊಂಡವು, ಆದರೆ ಆಕಾರ ನೀವು ನೋಡುವ ಬುಲೆಟಿನ್‌ನದೇ. ಹೊರಡಿಸಿದ್ದು ಜುಲೈ 8, ಮಂಗಳವಾರ. ಪಟ್ಟಿಯಲ್ಲಿ ಐದು ದಿನ. 9ರ ಕೆಳಗೆ 85 ಮಿಲಿಮೀಟರ್, 10ರ ಕೆಳಗೆ 70, 11ಕ್ಕೆ 30, 12ಕ್ಕೆ 8, 13ಕ್ಕೆ 45. ಮೇಲೆ 'ಬೆಳಗ್ಗೆ 8:30ರವರೆಗೆ' ಎಂದಿದೆ. ಅದರ ಕೆಳಗೆ ಗರಿಷ್ಠ ಉಷ್ಣಾಂಶ, ಕನಿಷ್ಠ ಉಷ್ಣಾಂಶ, ಬೆಳಗಿನ ತೇವಾಂಶ, ಮಧ್ಯಾಹ್ನದ ತೇವಾಂಶ, ಗಾಳಿಯ ವೇಗ, ಗಾಳಿಯ ದಿಕ್ಕು, ಮೋಡ. ಆಮೇಲೆ ಬೆಳೆವಾರು ಸಲಹೆ.

ಅಡಿಕೆಯ ಸಲಹೆ ಹೀಗಿದೆ ಎಂದಿಟ್ಟುಕೊಳ್ಳಿ: 'ಕೊಳೆರೋಗದ ಹತೋಟಿಗೆ, ಮಳೆ ಬಿಡುವು ಕೊಟ್ಟ ಸಮಯದಲ್ಲಿ ಶೇ. 1ರ ಬೋರ್ಡೋ ದ್ರಾವಣವನ್ನು ಗೊನೆಗಳು ಪೂರ್ತಿ ತೊಯ್ಯುವಂತೆ ಸಿಂಪಡಿಸುವುದು. ಮೊದಲ ಸಿಂಪರಣೆಯಾಗಿ 40-45 ದಿನ ಕಳೆದಿದ್ದಲ್ಲಿ ಎರಡನೇ ಸಿಂಪರಣೆ ಕೈಗೊಳ್ಳುವುದು. ಉದುರಿದ ರೋಗದ ಕಾಯಿಗಳನ್ನು ಆರಿಸಿ ನಾಶಪಡಿಸುವುದು. ಬಸಿಗಾಲುವೆಗಳನ್ನು ಸ್ವಚ್ಛಗೊಳಿಸುವುದು.' ಭತ್ತಕ್ಕೆ: 'ಗದ್ದೆಯ ಹೆಚ್ಚುವರಿ ನೀರು ಬಸಿಯುವುದು, ಮೇಲುಗೊಬ್ಬರ ಮುಂದೂಡುವುದು.'

ಮೊದಲು ಎಚ್ಚರಿಕೆ. ಸಲಹೆ ಬೇರೆ, ಎಚ್ಚರಿಕೆ ಬೇರೆ. ಕೊಳೆರೋಗ ಬರಬಹುದು ಅನ್ನುವುದು ಜುಲೈ ತಿಂಗಳ ಪ್ರತಿ ಬುಲೆಟಿನ್‌ನಲ್ಲೂ ಇರುತ್ತದೆ. ಅದನ್ನು ಪ್ರತಿ ಸಲ ಎಚ್ಚರಿಕೆ ಎಂದು ಮೇಲೆ ಬರೆದರೆ ಮೂರನೇ ವಾರಕ್ಕೆ ಯಾರೂ ಓದುವುದಿಲ್ಲ. ನಾನು ಹಳೆಯ ಬುಲೆಟಿನ್ ಪಕ್ಕದಲ್ಲಿಟ್ಟುಕೊಂಡು ಹೊಸದನ್ನು ಓದುತ್ತೇನೆ. ಸಾಲಿಗೆ ಸಾಲು ಹೋಲುವ ಮಾತುಗಳು ತುಂಬಾ ಸಿಗುತ್ತವೆ. ಇವತ್ತು ಹೊಸದಾಗಿ ಬಂದದ್ದು ಏನು, ಹೋದ ಸಲ ಇದ್ದು ಈಗ ಇಲ್ಲದ್ದು ಏನು, ಇವೆರಡನ್ನು ಮೊದಲು ಗುರುತು ಮಾಡಿಕೊಳ್ಳುತ್ತೇನೆ.

ನಮ್ಮ ಉದಾಹರಣೆಯಲ್ಲಿ ಹೊಸದು ಮೊದಲ ಎರಡು ದಿನದ ಮಳೆ. ಇಲಾಖೆಯ ಭಾಷೆಯಲ್ಲಿ 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6ರಿಂದ ಅತಿ ಭಾರಿ, 204.5 ಮತ್ತು ಮೇಲಕ್ಕೆ ಹೋದರೆ ಅತ್ಯಂತ ಭಾರಿ. ಹಾಗಾಗಿ 85 ಮತ್ತು 70, ಎರಡೂ ಭಾರಿ ಮಳೆ. 30 ಮತ್ತು 45 ಸಾಧಾರಣ, 8 ಹಗುರ. ಈ ಪದಗಳನ್ನು ಸಾರಾಂಶದಲ್ಲಿ ಅದಲು ಬದಲು ಮಾಡಬೇಡಿ. ನಮ್ಮ ಬಾಯಲ್ಲಿ 'ಭಾರಿ' ಅಂದರೆ ಜೋರು ಅಷ್ಟೇ. ಅವರಿಗೆ ಅದೊಂದು ಅಳತೆ. 'ಅತಿ' ಒಂದನ್ನು ಅಭ್ಯಾಸಬಲದಿಂದ ಸೇರಿಸಿಬಿಟ್ಟರೆ ಮಳೆ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ.

ಬಣ್ಣದ ಬಗ್ಗೆ ಒಂದು ಮಾತು. ಹಳದಿ ಅಂದರೆ ಗಮನ ಇರಲಿ, ಕಿತ್ತಳೆ ಅಂದರೆ ಸಿದ್ಧವಾಗಿರಿ, ಕೆಂಪು ಅಂದರೆ ಕೂಡಲೇ ಕ್ರಮ ತೆಗೆದುಕೊಳ್ಳಿ. ನಮ್ಮ ಮಕ್ಕಳಿಗೆ ಕೆಂಪು ಅಂದರೆ ಶಾಲೆಗೆ ರಜೆ, ಅದು ಬೇರೆ ವಿಷಯ. ಬಣ್ಣ ಬರೀ ಮಿಲಿಮೀಟರ್ ನೋಡಿ ಕೊಡುವುದಲ್ಲ. ಎಷ್ಟು ತೊಂದರೆ ಆಗಬಹುದು, ಆಗುವ ಸಾಧ್ಯತೆ ಎಷ್ಟು ಎಂದೂ ನೋಡುತ್ತಾರೆ. ಹಾಗಾಗಿ ಪಟ್ಟಿಯ ಅಂಕಿ ನೋಡಿ ನೀವೇ ಬಣ್ಣ ಕೊಡಬೇಡಿ. ಬುಲೆಟಿನ್ ಬಣ್ಣ ಹೇಳಿದ್ದರೆ ಬರೆಯಿರಿ, ಇಲ್ಲದಿದ್ದರೆ ಬಿಡಿ.

ಎಚ್ಚರಿಕೆ ಯಾರಿಗೆ ಅನ್ನುವುದೂ ಅದರ ಒಂದು ಭಾಗ. ನಮ್ಮ ಜಿಲ್ಲೆಯ ಬುಲೆಟಿನ್ ಒಂದೇ, ಆದರೆ ಜಿಲ್ಲೆ ಒಂದೇ ತರ ಇಲ್ಲ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಸಮುದ್ರದ ಬದಿ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೊಯಿಡಾ ಘಟ್ಟದ ಮೇಲೆ. ಮುಂಡಗೋಡ, ಹಳಿಯಾಳಕ್ಕೆ ಹೋದರೆ ಬಯಲುಸೀಮೆಯ ಗಾಳಿಯೇ ಬೀಸುತ್ತದೆ. 'ಕರಾವಳಿಯಲ್ಲಿ ಭಾರಿ ಮಳೆ' ಎಂದಿದ್ದನ್ನು 'ಉತ್ತರ ಕನ್ನಡದಲ್ಲಿ ಭಾರಿ ಮಳೆ' ಎಂದು ಮಾಡಿದರೆ ಮುಂಡಗೋಡದ ಜೋಳದವನಿಗೆ ಸುಳ್ಳು ಹೇಳಿದಂತೆ. ತಾಲೂಕಿನ ಪಟ್ಟಿ ಸಿಕ್ಕರೆ ಜಿಲ್ಲೆಯದನ್ನು ಮುಟ್ಟಲೇಬೇಡಿ. ಮೇಘದೂತ್ ಆ್ಯಪ್‌ನಲ್ಲಿ ಹುಡುಕಿ ನೋಡಿ.

ಮೀನುಗಾರರ ಸಾಲೂ ಹಾಗೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಹೇಗೂ ನಿಷೇಧ ಇರುತ್ತದೆ. ಆಗ 'ಸಮುದ್ರಕ್ಕೆ ಇಳಿಯಬೇಡಿ' ಅನ್ನುವ ಎಚ್ಚರಿಕೆ ಕೇಳಿಸಬೇಕಾದ್ದು ಮುಖ್ಯವಾಗಿ ನಾಡದೋಣಿಯವರಿಗೆ. ಕುಮಟಾ ಕಡೆಯವರು ಇಲ್ಲಿ ಇದ್ದೀರಿ, ನಿಮ್ಮ ಹಲಗೆಯಲ್ಲಿ 'ನಾಡದೋಣಿಯವರು' ಎಂದೇ ಬರೆಯಿರಿ. ಬರೀ 'ಮೀನುಗಾರರು' ಅಂದರೆ, ಅದು ಬೋಟಿನವರಿಗೆ ಅಂದುಕೊಂಡು ಓದದೆ ಹೋಗುವವರಿದ್ದಾರೆ. ನಮ್ಮ ಹಲಗೆಗೆ ಆ ಸಾಲು ಬೇಡವೇ ಬೇಡ.

ಇನ್ನು ದಿನಾಂಕ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಕಷ್ಟದ್ದು ಇದೇ. ಯಾಕೆಂದರೆ ಒಂದು ಬುಲೆಟಿನ್‌ನಲ್ಲಿ ಎರಡು ಬೇರೆ ಬೇರೆ ಗಡಿಯಾರ ಓಡುತ್ತಿರುತ್ತವೆ. ಒಂದು ಮಳೆಯದು, ಒಂದು ಬೆಳೆಯದು.

ಮಳೆಯ ಗಡಿಯಾರವನ್ನು ನಮ್ಮ ದಿನಕ್ಕೆ ತಿರುಗಿಸಿ ಬರೆಯೋಣ. 9ರ ಕೆಳಗಿನ 85 ಅಂದರೆ ಮಂಗಳವಾರ ಬೆಳಗ್ಗೆಯಿಂದ ಬುಧವಾರ ಬೆಳಗ್ಗೆವರೆಗೆ. 70 ಅಂದರೆ ಬುಧವಾರ ಹಗಲು ಮತ್ತು ರಾತ್ರಿ. 30 ಗುರುವಾರ ಹಗಲು ಮತ್ತು ರಾತ್ರಿ. 12ರ ಕೆಳಗಿನ 8 ಅಂದರೆ ಶುಕ್ರವಾರ ಹಗಲು ಮತ್ತು ರಾತ್ರಿ. 13ರ ಕೆಳಗಿನ 45 ಅಂದರೆ ಶನಿವಾರ ಹಗಲು ಮತ್ತು ರಾತ್ರಿ. ಈಗ ಕಾಣುತ್ತದೆ ನೋಡಿ. ಮಳೆ ಕಡಿಮೆ ಇರುವ ಹಗಲು ಶುಕ್ರವಾರದ್ದು, ಅದೊಂದೇ. 12ನೇ ತಾರೀಖು ಶನಿವಾರ ಎಂದು ಬರೆದವನು ಜನರನ್ನು 45 ಮಿಲಿಮೀಟರ್ ಮಳೆಗೆ ತೋಟಕ್ಕೆ ಕಳಿಸಿದ ಹಾಗೆ. ನಾನು ಮಾಡಿದ್ದು ಇದನ್ನೇ.

ಆದರೆ ಶುಕ್ರವಾರ ಅನ್ನುವುದೂ ಗಟ್ಟಿ ಮಾತಲ್ಲ. 24 ಗಂಟೆಗೆ 8 ಮಿಲಿಮೀಟರ್ ಅನ್ನುವ ಅಂಕಿ ಆ ಮಳೆ ಯಾವ ಹೊತ್ತಿಗೆ ಅಂತ ಹೇಳುವುದಿಲ್ಲ. ಎಲ್ಲವೂ ರಾತ್ರಿ ಬೀಳಬಹುದು. ಬೆಳಗ್ಗೆ 11ಕ್ಕೆ ಒಂದೇ ಸುರಿತಕ್ಕೆ ಬೀಳಬಹುದು. ಮೇಲಾಗಿ ಮಂಗಳವಾರ ಹೇಳಿದ ಶುಕ್ರವಾರ ನಾಲ್ಕನೇ ದಿನ. ದೂರದ ದಿನದ ಮುನ್ಸೂಚನೆ ಹತ್ತಿರದ ದಿನದ್ದಕ್ಕಿಂತ ಸಡಿಲ. ಮುಂದಿನ ಬುಲೆಟಿನ್ ಬರುವುದೂ ಶುಕ್ರವಾರವೇ. ಅದನ್ನು ಕಾದರೆ ಬೆಳಗಿನ ಹೊತ್ತು ಕೈತಪ್ಪಿ ಹೋಗುತ್ತದೆ. ಹಾಗಾಗಿ ನಾನು ಹಲಗೆ ಮೇಲೆ ಎರಡು ಹಂತ ಬರೆಯುತ್ತೇನೆ: ಶುಕ್ರವಾರಕ್ಕೆ ತಯಾರಿ ಮಾಡಿಕೊಳ್ಳಿ, ಗುರುವಾರ ಸಂಜೆ ಮತ್ತೆ ಹಲಗೆ ನೋಡಿ. ಇಲಾಖೆಯ ಜಿಲ್ಲಾ ಮುನ್ಸೂಚನೆ ದಿನವೂ ಬದಲಾಗುತ್ತಿರುತ್ತದೆ. ಗುರುವಾರ ಸಂಜೆ ಅದನ್ನು ನೋಡಿ ಹೌದು ಅಥವಾ ಬೇಡ ಎಂದು ಒಂದು ಸಾಲು ಸೇರಿಸುತ್ತೇನೆ.

'ನಾಳೆ', 'ನಾಡಿದ್ದು', 'ಮುಂದಿನ 48 ಗಂಟೆ' ಈ ಮೂರನ್ನು ವಾಟ್ಸಾಪ್‌ನಲ್ಲಿ ಬರೆಯಲೇಬೇಡಿ ಎಂದು ಕೈಮುಗಿದು ಕೇಳುತ್ತೇನೆ. ನೀವು ಮಂಗಳವಾರ ಹಾಕಿದ್ದನ್ನು ಮಾವನ ಮನೆಯವರು ಗುರುವಾರ ಫಾರ್ವರ್ಡ್ ಮಾಡುತ್ತಾರೆ. ಆಗ 'ನಾಳೆ' ಶುಕ್ರವಾರವಾಗುತ್ತದೆ. ಹೋದ ವರ್ಷದ 'ಮುಂದಿನ 48 ಗಂಟೆ' ಈ ವರ್ಷವೂ ತಿರುಗುವುದನ್ನು ನಾನು ನೋಡಿದ್ದೇನೆ. ವಾರ, ತಾರೀಖು ಎರಡನ್ನೂ ಬರೆಯಿರಿ. ಎರಡೂ ಇದ್ದರೆ ತಪ್ಪಾದಾಗ ಓದಿದವರಿಗೇ ಗೊತ್ತಾಗುತ್ತದೆ, 'ಅಲ್ಲ, 11 ಶುಕ್ರವಾರ ಅಲ್ವಾ' ಎಂದು ಯಾರಾದರೂ ಕೇಳುತ್ತಾರೆ.

ಈಗ ಬೆಳೆಯ ಗಡಿಯಾರ. 'ಮೊದಲ ಸಿಂಪರಣೆಯಾಗಿ 40-45 ದಿನ' ಎಂದು ಬುಲೆಟಿನ್ ಹೇಳುತ್ತದೆ. ಇದರಲ್ಲಿ ತಾರೀಖು ಇಲ್ಲ, ಆದರೆ ಪ್ರತಿ ತೋಟಕ್ಕೂ ಒಂದೊಂದು ತಾರೀಖು ಇದೆ. ಬುಲೆಟಿನ್ ಬರೆಯುವವರಿಗೆ ಅದು ಗೊತ್ತಿರುವುದಿಲ್ಲ. ನಮಗೆ ಗೊತ್ತಾಗುತ್ತದೆ. ಸಾರಾಂಶ ಮಾಡುವವನು ಇಲ್ಲಿ ಬರೀ ಕತ್ತರಿಸುವ ಕೆಲಸ ಮಾಡಿದರೆ ಸಾಲದು, ಒಂದು ಲೆಕ್ಕವನ್ನೂ ಮಾಡಿಕೊಡಬೇಕು. ಹೊಡೆಯುವ ದಿನ ಜುಲೈ 11 ಎಂದಾದರೆ 40 ದಿನ ಹಿಂದೆ ಅಂದರೆ ಜೂನ್ 1. 45 ದಿನ ಹಿಂದೆ ಅಂದರೆ ಮೇ 27. ಹಾಗಾದರೆ ಹಲಗೆ ಮೇಲೆ ಬರಬೇಕಾದ್ದು '40-45 ದಿನ' ಅಲ್ಲ. 'ಮೊದಲ ಮದ್ದು ಜೂನ್ 1ರ ಒಳಗೆ ಹೊಡೆದವರು' ಎಂದು. ಜೂನ್ 5ಕ್ಕೆ ಹೊಡೆದವರಿಗೆ 40 ದಿನ ತುಂಬುವುದು ಜುಲೈ 15ಕ್ಕೆ. ಅವರು ಈ ಶುಕ್ರವಾರ ಕೊನೆಗೌಡರಿಗಾಗಿ ಪಕ್ಕದ ಮನೆಯವರ ಜೊತೆ ಜಗಳ ಮಾಡಬೇಕಾಗಿಲ್ಲ.

ಇದು ತಮಾಷೆಗೆ ಹೇಳಿದ್ದಲ್ಲ. ಮರ ಏರುವವರು ಊರಿಗೆ ಒಬ್ಬರೋ ಇಬ್ಬರೋ. ಈಗ ಕೆಳಗೆ ನಿಂತೇ ಹೊಡೆಯುವ ಕಾರ್ಬನ್ ಫೈಬರ್ ದೋಟಿ ಬಂದಿದೆ, ಆದರೂ ಎಲ್ಲರ ಮನೆಯಲ್ಲಿ ಇಲ್ಲ. ಹೊಳವಾದ ಒಂದು ಹಗಲಿಗೆ ಊರಿನ ಎಲ್ಲ ತೋಟವೂ ಒಟ್ಟಿಗೆ ನುಗ್ಗಿದರೆ ಯಾರಿಗೂ ಆಗುವುದಿಲ್ಲ. ಯಾರಿಗೆ ಈ ಸಲ, ಯಾರು ಮುಂದಿನ ಹೊಳವಿಗೆ ಕಾಯಬಹುದು ಎಂದು ಹಲಗೆ ಹೇಳಿದರೆ ಅರ್ಧ ಗಲಾಟೆ ಕಡಿಮೆ. ಒಂದು ಮಾತು ಮಾತ್ರ ಸೇರಿಸಿ: ತೋಟದಲ್ಲಿ ಕೊಳೆ ಈಗಾಗಲೇ ಶುರುವಾಗಿದ್ದರೆ ದಿನದ ಲೆಕ್ಕ ಹಿಡಿದು ಕೂರಬಾರದು. ಕಾಯಿಯ ತೊಟ್ಟಿನ ಹತ್ತಿರ ನೀರು ಹೀರಿದಂಥ ಕಡು ಹಸಿರು ಕಲೆ ಕಂಡರೆ, ಎಳೆಕಾಯಿ ಬುಡದಲ್ಲಿ ಉದುರಿ ಬಿದ್ದು ಅದರ ಮೇಲೆ ಬಿಳಿ ಬೂಸ್ಟು ಬಂದಿದ್ದರೆ ಅದು ಕೊಳೆ. ಅಂಥವರು ಮೊದಲು.

ಪಟ್ಟಿಯ ಉಳಿದ ಅಂಕಿಗಳಿಗೂ ಇಲ್ಲಿ ಕೆಲಸ ಇದೆ, ಹಲಗೆಯ ಮೇಲಲ್ಲ, ನಮ್ಮ ತಲೆಯಲ್ಲಿ. ಕೊಳೆರೋಗ ತಂಪು ಮತ್ತು ತೇವ ಎರಡೂ ಸೇರಿದಾಗ ಹಬ್ಬುತ್ತದೆ. ಉಷ್ಣಾಂಶ 20ರಿಂದ 23 ಡಿಗ್ರಿಯ ಆಸುಪಾಸು, ತೇವಾಂಶ ಶೇ. 90ಕ್ಕಿಂತ ಮೇಲೆ, ಮಳೆಯ ನಡುವೆ ಆಗಾಗ ಬಿಸಿಲು. ಮಧ್ಯಾಹ್ನದ ತೇವಾಂಶವೂ 90 ದಾಟಿದೆ, ರಾತ್ರಿ 21 ಡಿಗ್ರಿ ಎಂದು ಪಟ್ಟಿ ಹೇಳುತ್ತಿದ್ದರೆ, ಕೊಳೆರೋಗದ ಮಾಮೂಲಿ ಸಾಲು ಆ ವಾರ ಮಾಮೂಲಿ ಅಲ್ಲ ಎಂದು ನನಗೆ ಗೊತ್ತಾಗುತ್ತದೆ. ಆಗ ಅದನ್ನು ಎಚ್ಚರಿಕೆಯ ಸಾಲಿಗೆ ಏರಿಸುತ್ತೇನೆ. ಓದುವವರಿಗೆ ತೇವಾಂಶದ ಅಂಕಿ ಬೇಡ. ಮೋಡ ಎಂಟರಲ್ಲಿ ಎಷ್ಟು ಪಾಲು ಎಂಬುದೂ ಬೇಡ. ಗಾಳಿಯ ದಿಕ್ಕು ಡಿಗ್ರಿಯಲ್ಲಿ ಇರುತ್ತದೆ, 270 ಎಂದರೆ ಪಡುವಣ ಗಾಳಿ. ಮಳೆಗಾಲದಲ್ಲಿ ಅದು ಪಡುವಣದಿಂದಲೇ ಬರುವುದು ಎಂದು ನಮ್ಮಜ್ಜಿಗೂ ಗೊತ್ತಿತ್ತು. ಗಾಳಿಯ ವೇಗ ಮಾತ್ರ ಜೋರಿದ್ದರೆ ಬರೆಯಿರಿ. ಗಾಳಿಗೆ ಮದ್ದು ಗೊನೆಗೆ ತಾಗುವುದಿಲ್ಲ, ಒದ್ದೆ ಮರದ ಮೇಲೆ ಇರುವವನ ಜೀವಕ್ಕೂ ಅಪಾಯ.

ಕೊನೆಗೆ ಮಾಡಬೇಕಾದ ಕೆಲಸ. ಬುಲೆಟಿನ್ ಸಲಹೆಗಳನ್ನು ಒಂದೇ ಉಸಿರಿಗೆ ಹೇಳುತ್ತದೆ, ಎಲ್ಲವೂ 'ಮಾಡುವುದು' ಎಂದೇ ಮುಗಿಯುತ್ತದೆ. ಆದರೆ ಅದರಲ್ಲಿ ಕೆಲವು ಮಳೆಯಲ್ಲೂ ಆಗುವ ಕೆಲಸ, ಕೆಲವು ಮಳೆ ನಿಂತರೆ ಮಾತ್ರ ಆಗುವ ಕೆಲಸ. ಹಾಗೆ ಬಿಡಿಸಿದರೆ ತಾನಾಗಿಯೇ ದಿನಕ್ಕೆ ಹೊಂದುತ್ತದೆ. ಬಸಿಗಾಲುವೆ ಬಿಡಿಸುವುದು ಮಂಗಳವಾರವೇ ಆಗಬೇಕು, ಯಾಕೆಂದರೆ ಭಾರಿ ಮಳೆ ಇರುವುದು ಬುಧವಾರ ರಾತ್ರಿವರೆಗೆ. ಶುಕ್ರವಾರ ಕಾಲುವೆ ಬಿಡಿಸಿ ಏನು ಮಾಡುತ್ತೀರಿ! ಉದುರಿದ ಕಾಯಿ ಆರಿಸುವುದು ಬುಧವಾರ, ಗುರುವಾರ ಕೊಪ್ಪೆ ಹಾಕಿಕೊಂಡು ಮಾಡಬಹುದು. ಮೈಲುತುತ್ತು, ಸುಣ್ಣ ತಂದಿಡುವುದು ಗುರುವಾರದ ಒಳಗೆ. ಮದ್ದು ಹೊಡೆಯುವುದು ಶುಕ್ರವಾರ.

'ಮಳೆ ಬಿಡುವು ಕೊಟ್ಟ ಸಮಯದಲ್ಲಿ' ಅನ್ನುವ ನಾಲ್ಕು ಪದ ಸಾರಾಂಶದಲ್ಲಿ ಮೊದಲು ಬಿದ್ದುಹೋಗುತ್ತವೆ. ಅದನ್ನು ಅಲಂಕಾರ ಅಂದುಕೊಳ್ಳುತ್ತೇವೆ. ಅದು ಅಲಂಕಾರ ಅಲ್ಲ, ಅದೇ ಷರತ್ತು. ಬೋರ್ಡೋ ಗೊನೆಯ ಮೇಲೆ ಒಣಗಿ ಹಿಡಿದುಕೊಂಡರೆ ಆಮೇಲಿನ ಮಳೆಯನ್ನು ತಡೆಯುತ್ತದೆ. ಒಣಗುವ ಮೊದಲು ಮಳೆ ಬಿದ್ದರೆ ತೊಳೆದು ಹೋಗುತ್ತದೆ. ಭತ್ತದ 'ಮೇಲುಗೊಬ್ಬರ ಮುಂದೂಡುವುದು' ಎಂಬಲ್ಲೂ ಹಾಗೇ. ಎಲ್ಲಿಯವರೆಗೆ ಮುಂದೂಡಬೇಕು ಎಂದು ಹೇಳದಿದ್ದರೆ ಕೆಲವರು ಗೊಬ್ಬರ ಹಾಕುವುದನ್ನೇ ಬಿಡುತ್ತಾರೆ. ಈ ಬುಲೆಟಿನ್ ಪ್ರಕಾರ ಶನಿವಾರ ಹಗಲಿಗೆ ಮತ್ತೆ 45 ಮಿಲಿಮೀಟರ್ ಇರುವುದರಿಂದ ಶುಕ್ರವಾರ ಹಾಕಿದ ಯೂರಿಯಾವೂ ಕೊಚ್ಚಿ ಹೋಗಬಹುದು. ಹಾಗಾಗಿ 'ಈ ವಾರ ಬೇಡ, ಮುಂದಿನ ಬುಲೆಟಿನ್ ನೋಡಿ' ಎಂದು ಬರೆಯುವುದೇ ಸರಿ. ಅಡಿಕೆಗೆ ಶುಕ್ರವಾರ ಸರಿಹೋದದ್ದು ಭತ್ತಕ್ಕೆ ಸರಿಹೋಗುವುದಿಲ್ಲ, ಯಾಕೆಂದರೆ ಮದ್ದಿಗೆ ಒಣಗಲು ಕೆಲವು ತಾಸು ಸಾಕು, ಗೊಬ್ಬರಕ್ಕೆ ಗದ್ದೆಯಲ್ಲಿ ನಾಲ್ಕು ದಿನ ನಿಲ್ಲಬೇಕು.

ಇನ್ನು ಪ್ರಮಾಣ. ಶೇ. 1ರ ಬೋರ್ಡೋ ಅಂದರೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ, 100 ಲೀಟರ್ ನೀರು. ಈ ಮೂರು ಅಂಕಿಗಳಲ್ಲಿ ಒಂದನ್ನೂ ಬಿಡುವ ಹಾಗಿಲ್ಲ. 'ಮೈಲುತುತ್ತು 1 ಕೆಜಿ' ಎಂದಷ್ಟೇ ಬರೆದ ಒಂದು ಸಂದೇಶ ನಮ್ಮ ಗುಂಪಿಗೆ ಬಂದಿತ್ತು. ನಮ್ಮ ಬ್ಯಾರೆಲ್ 200 ಲೀಟರಿನದು. 1 ಕೆಜಿ ಒಂದು ಬ್ಯಾರೆಲಿಗೋ, 100 ಲೀಟರಿಗೋ? ಬ್ಯಾರೆಲಿಗೆ ಎಂದುಕೊಂಡವರ ಮದ್ದು ಅರ್ಧ ಬಲದ್ದಾಯಿತು. ಅದಕ್ಕೆ ನಾನು ಬ್ಯಾರೆಲ್ ಲೆಕ್ಕದಲ್ಲೇ ಬರೆಯುತ್ತೇನೆ: 200 ಲೀಟರಿಗೆ 2 ಕೆಜಿ, 2 ಕೆಜಿ.

ಬೋರ್ಡೋ ಮಾಡುವ ವಿಧಾನ ಹಲಗೆಯ ಮೇಲೆ ಕಲಿಸಲಾಗುವುದಿಲ್ಲ. ಆದರೆ ಮಳೆಗಾಲದ ಮೊದಲ ಬರಹದಲ್ಲಿ ಒಮ್ಮೆ ಹೇಳಿಬಿಡುತ್ತೇನೆ. ಎರಡನ್ನೂ ಅರ್ಧರ್ಧ ನೀರಿನಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಬೇಕು, ಕಬ್ಬಿಣದ ಪಾತ್ರೆ ಆಗದು. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ತಿರುಗಿಸಿ ಅಲ್ಲ. ಆಮೇಲೆ ಉಜ್ಜಿ ಹೊಳಪು ಮಾಡಿದ ಕತ್ತಿಯ ತುದಿಯನ್ನು ಅದರಲ್ಲಿ ಅದ್ದಿ ಸ್ವಲ್ಪ ಹೊತ್ತು ಬಿಟ್ಟು ನೋಡಬೇಕು. ಕತ್ತಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು. ಇಲ್ಲದಿದ್ದರೆ ಎಳೆಕಾಯಿ ಸುಡುತ್ತದೆ. ಸುಣ್ಣ ಹಳೆಯದಾಗಿದ್ದರೆ 1 ಕೆಜಿ ಸಾಲುವುದಿಲ್ಲ, ಅದಕ್ಕೇ ಕತ್ತಿಯ ಪರೀಕ್ಷೆ. ಮಾಡಿದ ದಿನವೇ ಹೊಡೆಯಬೇಕು. ಶುಕ್ರವಾರದ ಮದ್ದನ್ನು ಗುರುವಾರ ರಾತ್ರಿ ಕಲಸಿಟ್ಟು, ಶುಕ್ರವಾರ ಮಳೆ ಬಂದು, ಶನಿವಾರ ಅದನ್ನೇ ಹೊಡೆದವರಿದ್ದಾರೆ. ಹಾಗಾಗಿ ಹಲಗೆಯಲ್ಲಿ 'ತಂದಿಡಿ' ಎಂದು ಬರೆಯುವಾಗ 'ಕಲಸಬೇಡಿ' ಎಂದೂ ಬರೆಯುತ್ತೇನೆ.

ಇಷ್ಟೆಲ್ಲ ಆದಮೇಲೆ ಜುಲೈ 8ರ ಹಲಗೆ ಹೀಗಾಗುತ್ತದೆ:

> ಜುಲೈ 8 ಮಂಗಳವಾರದ ಬುಲೆಟಿನ್. ಶಿರಸಿ ತಾಲೂಕು.
> ಎಚ್ಚರಿಕೆ: ಗುರುವಾರ (10) ಬೆಳಗ್ಗೆವರೆಗೆ ಭಾರಿ ಮಳೆ. ಬಸಿಗಾಲುವೆ ಇವತ್ತೇ ಬಿಡಿಸಿ.
> ಶುಕ್ರವಾರ (11) ಹಗಲು ಮಳೆ ಕಡಿಮೆ ಇರಬಹುದು. ಶನಿವಾರ (12) ಹಗಲಿನಿಂದ ಮತ್ತೆ ಜಾಸ್ತಿ.
> ಅಡಿಕೆ: ಮೊದಲ ಮದ್ದು ಜೂನ್ 1ರ ಒಳಗೆ ಹೊಡೆದವರು, ಕೊಳೆ ಕಂಡವರು ಶುಕ್ರವಾರಕ್ಕೆ ತಯಾರಾಗಿ. ಉಳಿದವರು ಮುಂದಿನ ಹೊಳವಿಗೆ.
> 200 ಲೀಟರ್ ನೀರಿಗೆ ಮೈಲುತುತ್ತು 2 ಕೆಜಿ, ಸುಣ್ಣ 2 ಕೆಜಿ. ಗುರುವಾರದ ಒಳಗೆ ತಂದಿಡಿ, ಕಲಸಬೇಡಿ.
> ಭತ್ತ: ಗದ್ದೆಯ ಹೆಚ್ಚು ನೀರು ಬಿಡಿ. ಈ ವಾರ ಗೊಬ್ಬರ ಬೇಡ, ಮುಂದಿನ ಬುಲೆಟಿನ್ ನೋಡಿ.
> ಶುಕ್ರವಾರದ ಬಗ್ಗೆ ಗುರುವಾರ (10) ಸಂಜೆ 6ಕ್ಕೆ ಮತ್ತೆ ಹಲಗೆ ನೋಡಿ.

ಏಳು ಸಾಲು. 'ಇರಬಹುದು' ಎಂದಿರುವುದನ್ನು ನೋಡಿ. ಬುಲೆಟಿನ್ 'ಸಾಧ್ಯತೆ' ಎಂದಾಗ ನಾವು 'ಬರುತ್ತದೆ' ಎಂದು ಗಟ್ಟಿ ಮಾಡಬಾರದು. ಹಾಗೆಂದು ಎಲ್ಲ ಸಾಲಿಗೂ 'ಬಹುದು' ಹಚ್ಚಿದರೆ ಜನ ಏನೂ ಮಾಡುವುದಿಲ್ಲ. ಮಳೆಗೆ 'ಇರಬಹುದು', ಕೆಲಸಕ್ಕೆ 'ಮಾಡಿ'. ನಾನು ಅಷ್ಟು ಮಾತ್ರ ವ್ಯತ್ಯಾಸ ಇಟ್ಟುಕೊಂಡಿದ್ದೇನೆ.

ಒಬ್ಬರು ಕೇಳಿದರು, ಕಾಳುಮೆಣಸು, ಬಾಳೆ, ದನಕರು, ಕೋಳಿ ಎಲ್ಲ ಎಲ್ಲಿ ಹೋಯಿತು ಎಂದು. ಬುಲೆಟಿನ್‌ನಲ್ಲಿ ಇವೆ, ಹಲಗೆಯಲ್ಲಿ ಇಲ್ಲ. ಹೋದ ವಾರಕ್ಕಿಂತ ಅವುಗಳಲ್ಲಿ ಏನೂ ಬದಲಾಗದಿದ್ದರೆ ನಾನು ಬಿಡುತ್ತೇನೆ. ಪೂರ್ತಿ ಬುಲೆಟಿನ್‌ನ ಪ್ರಿಂಟ್ ಹಲಗೆಯ ಬದಿಯಲ್ಲಿ ಮೊಳೆಗೆ ಸಿಕ್ಕಿಸಿರುತ್ತದೆ, ಬೇಕಾದವರು ಓದಬಹುದು. ಬಿಟ್ಟದ್ದು ತಪ್ಪಾದದ್ದೂ ಉಂಟು. ಒಮ್ಮೆ ಕಾಳುಮೆಣಸಿನ ಸೊರಗು ರೋಗದ ಸಾಲು ಬಿಟ್ಟಿದ್ದೆ, ಒಬ್ಬರು ಬಂದು 'ನಮ್ಮ ಬಳ್ಳಿ ಒಣಗಿದ ಮೇಲೆ ಪ್ರಿಂಟ್ ಓದಿದೆ' ಅಂದರು. ಈಗ ಜೂನ್ ಮತ್ತು ಆಗಸ್ಟ್‌ನಲ್ಲಿ ಮೆಣಸಿಗೆ ಒಂದು ಸಾಲಿನ ಜಾಗ ಕಾಯ್ದಿಡುತ್ತೇನೆ.

ಗುರುವಾರ ಸಂಜೆ ಮುನ್ಸೂಚನೆ ಬದಲಾದರೆ ಏನು ಮಾಡುತ್ತೀರಿ ಎಂದು ಇನ್ನೊಬ್ಬರ ಪ್ರಶ್ನೆ. ಹಳೆಯ ಸಾಲನ್ನು ಒರೆಸುವುದಿಲ್ಲ. ಅದರ ಮೇಲೆ ಗೀಟು ಹಾಕಿ, ಕೆಳಗೆ ಹೊಸದನ್ನು ಬರೆದು, ಪಕ್ಕದಲ್ಲಿ 'ಗುರುವಾರ ಸಂಜೆ 6' ಎಂದು ಹಾಕುತ್ತೇನೆ. ಒರೆಸಿಬಿಟ್ಟರೆ ಮಂಗಳವಾರ ಓದಿ ಹೋದವನಿಗೆ ಬದಲಾದದ್ದೇ ಗೊತ್ತಾಗುವುದಿಲ್ಲ, ತಾನೇ ತಪ್ಪು ಓದಿದೆ ಅಂದುಕೊಳ್ಳುತ್ತಾನೆ. ವಾಟ್ಸಾಪ್‌ನಲ್ಲೂ ಹಳೆಯ ಸಂದೇಶ ಅಳಿಸಬೇಡಿ. ಅದಕ್ಕೇ ಉತ್ತರವಾಗಿ ಹೊಸದನ್ನು ಹಾಕಿ, ಆಗ ಎರಡೂ ಒಟ್ಟಿಗೆ ಕಾಣುತ್ತವೆ.

ಪೂರ್ತಿ ಒರೆಸುವುದು ಹೊಸ ಬುಲೆಟಿನ್ ಕೈಗೆ ಬಂದಮೇಲೆ. ಬುಲೆಟಿನ್ ಬಾರದ ವಾರವೂ ಇರುತ್ತದೆ, ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ. ಆಗಲೂ ಐದು ದಿನ ದಾಟಿದ ಬರಹವನ್ನು ಬಿಡುವುದಿಲ್ಲ. ನಮ್ಮ ಈ ಉದಾಹರಣೆಯ ಹಲಗೆಯಾದರೆ 13ನೇ ತಾರೀಖು ಭಾನುವಾರ ಬೆಳಗ್ಗೆ 8:30ಕ್ಕೆ ಅದರ ಆಯುಷ್ಯ ಮುಗಿಯಿತು. ಸೊಸೈಟಿಗೆ ರಜೆ, ಆದರೂ ಹಾಲು ಹಾಕಲು ಹೋದಾಗ ಒದ್ದೆ ಬಟ್ಟೆಯಲ್ಲಿ ಒರೆಸಿ, ತಾರೀಖು ಮಾತ್ರ ಬರೆದು ಬರುತ್ತೇನೆ.